ಮಾಂದಲ್‌ಪಟ್ಟಿ ಜೀಪು, ಕ್ಯಾನ್–ಕ್ಯಾಂಟ್ ಗೊಂದಲ: ಉಚ್ಚಾರಣೆ ಕಲಿಸಿದ ನನ್ನ ಅನುಭವ

ವಿ, ಡಬ್ಲ್ಯೂ ತಿದ್ದದೆ ಅದೆಂಥ ಸ್ಪೋಕನ್ ಇಂಗ್ಲಿಷ್ ಕ್ಲಾಸು ಎಂದು ನಕ್ಕವರಲ್ಲಿ ಇಬ್ಬರು ಈಗ ತಮ್ಮ ಮಕ್ಕಳನ್ನು ನನ್ನ ಹತ್ತಿರವೇ ಕಳಿಸುತ್ತಿದ್ದಾರೆ. ಹಾಗಾಗಿ ಸ್ವಲ್ಪ ಜಂಬದಿಂದಲೇ ಬರೆಯುತ್ತಿದ್ದೇನೆ.

ಮಡಿಕೇರಿಯಲ್ಲಿ ಒಂದು ಅಂಗಡಿಯ ಮೇಲಿನ ಕೋಣೆಯಲ್ಲಿ ನನ್ನ ಕ್ಲಾಸು. ಬರುವವರು ಜೀಪ್ ಡ್ರೈವರುಗಳು, ಹೋಮ್‌ಸ್ಟೇ ನೋಡಿಕೊಳ್ಳುವವರು, ಕಾಫಿ ತೋಟ ಸುತ್ತಿಸುವ ಗೈಡುಗಳು, ಬೆಂಗಳೂರಿಗೆ ಇಂಟರ್‌ವ್ಯೂಗೆ ಹೊರಟ ಹುಡುಗಿಯರು. ಇವರಿಗೆ ಪದಗಳು ಗೊತ್ತು, ವಾಕ್ಯವೂ ಕಟ್ಟುತ್ತಾರೆ. ಆದರೆ ಎದುರಿನವರು "ಸಾರಿ?" ಎಂದು ಎರಡು ಸಲ ಕೇಳಿದರೆ ಮುಗಿಯಿತು, ಮೂರನೇ ಸಲ ಬಾಯಿ ತೆಗೆಯುವುದಿಲ್ಲ.

ಮೊದಲು ನಾನೂ ಎಲ್ಲರ ಹಾಗೆ ಸದ್ದುಗಳಿಂದಲೇ ಶುರು ಮಾಡಿದವನು. ಹತ್ತು ಹೆಡ್‌ಫೋನು, ಎರಡು ಹಳೆ ಕಂಪ್ಯೂಟರು, ಒಂದು ಸಾಫ್ಟ್‌ವೇರು, ಎಲ್ಲ ಸೇರಿ ಅರವತ್ತು ಸಾವಿರದ ಹತ್ತಿರ ಬಿತ್ತು. vine–wine, zoo–Jew, ಪೆನ್–ಬೆನ್ ಎಂದು ತಿಂಗಳುಗಟ್ಟಲೆ ಜೋಡಿ ಪದ ಹೇಳಿಸಿದೆ. ಕೋಣೆಯೊಳಗೆ ಎಲ್ಲರದ್ದೂ ಸರಿ ಬರುತ್ತಿತ್ತು. ಮೆಟ್ಟಿಲು ಇಳಿದು ರಸ್ತೆಗೆ ಬಂದರೆ ಮತ್ತೆ ಹಳೇದೇ. ಮಳೆಗಾಲದಲ್ಲಿ ಹೆಡ್‌ಫೋನಿನ ಕಿವಿಮೆತ್ತೆಗೆ ಬೂಷ್ಟು ಹಿಡಿಯಿತು, ಅದನ್ನು ಹಾಕಿಕೊಳ್ಳಲು ಹುಡುಗಿಯರು ಒಪ್ಪಲಿಲ್ಲ. ಕೊನೆಗೆ ಎಲ್ಲ ಸೇರಿಸಿ ಏಳೆಂಟು ಸಾವಿರಕ್ಕೆ ಮಾರಿದೆ. ಫೀಸಿನಲ್ಲಿ ಆ ದುಡ್ಡು ಹುಟ್ಟಲು ಎರಡು ವರ್ಷ ಹಿಡಿಯಿತು.

ದಾರಿ ತಪ್ಪಿದ್ದು ಎಲ್ಲಿ ಎಂದು ತೋರಿಸಿದ್ದು ಮಾಂದಲ್‌ಪಟ್ಟಿಗೆ ಜೀಪ್ ಓಡಿಸುವ ಒಬ್ಬರು. ಅಮೆರಿಕದ ಪ್ರವಾಸಿಯೊಬ್ಬರು ಫೋನ್ ಮಾಡಿ, ಮಳೆ ಇದೆ, ಆದರೂ ಕರೆದುಕೊಂಡು ಹೋಗ್ತೀರಾ ಅಂತ ಕೇಳಿದರಂತೆ. ಇವರು "ಐ ಕ್ಯಾನ್ ಟೇಕ್ ಯೂ" ಎಂದರು. ಆ ಕಡೆಯಿಂದ "ಓಕೆ, ನೋ ಪ್ರಾಬ್ಲಮ್, ಥ್ಯಾಂಕ್ಯೂ" ಎಂದು ಫೋನ್ ಕಟ್. ಟ್ರಿಪ್ಪು ಹೋಯಿತು. "ಮೇಷ್ಟ್ರೇ, ಬರ್ತೀನಿ ಅಂದ್ರೂ ಯಾಕೆ ಬೇಡ ಅಂದ್ರು?" ಎಂದು ಕೇಳಿದರು. ನಾನು ಅದೇ ವಾಕ್ಯವನ್ನು ಅವರಿಂದ ಫೋನಿಗೆ ಹೇಳಿಸಿ ರೆಕಾರ್ಡ್ ಮಾಡಿ ಅಮೆರಿಕದಲ್ಲಿರುವ ನನ್ನ ಅಕ್ಕನ ಮಗನಿಗೆ ಕಳಿಸಿದೆ. ಅವನ ಆಫೀಸಿನವರು ಕೇಳಿ ಬರೆದದ್ದು "ಕರೆದುಕೊಂಡು ಹೋಗಲು ಆಗಲ್ಲ" ಎಂದು!

ಕಾರಣ ಸರಳ. ಅಮೆರಿಕದವರು 'ಹೋಗಬಲ್ಲೆ' ಎನ್ನುವಾಗ ಕ್ಯಾನ್ ಎಂದು ಬಾಯ್ತುಂಬ ಹೇಳುವುದಿಲ್ಲ, ಅದು ಮುದುಡಿ 'ಕನ್' ಆಗುತ್ತದೆ. ಬಾಯ್ತುಂಬ ಕ್ಯಾನ್ ಎಂದು ಕೇಳಿದರೆ ಅವರ ಕಿವಿಗೆ ಅದು ಕ್ಯಾಂಟ್. ಕೊನೆಯ ಟ್ ಅನ್ನು ಅವರೂ ಬಿಡಿಸಿ ಹೇಳುವುದಿಲ್ಲ, ಹಾಗಾಗಿ ಅದು ಕೇಳದಿದ್ದರೂ ಅನುಮಾನ ಬರುವುದಿಲ್ಲ. ಅದೂ ಮುಂದಿನ ಪದ ಟೇಕ್ ಆದರೆ ಎರಡು ಟಕಾರ ಸೇರಿ ಒಂದೇ ಆಗಿಬಿಡುತ್ತದೆ. ಬ್ರಿಟನ್ನಿನವರ ಜೊತೆ ಈ ತೊಂದರೆ ಕಡಿಮೆ, ಅವರಲ್ಲಿ ಹೆಚ್ಚಿನವರು ಕಾಂಟ್ ಎಂದು ಎಳೆಯುತ್ತಾರೆ. ನಮ್ಮವರ ಜೊತೆ ತೊಂದರೆಯೇ ಇಲ್ಲ, ಕ್ಯಾನ್ ಎಂದು ಎಷ್ಟು ಜೋರಾಗಿ ಹೇಳಿದರೂ ಬೆಂಗಳೂರಿನವರು ಜೀಪ್ ಹತ್ತುತ್ತಾರೆ.

ಅಲ್ಲಿಂದ ಕ್ರಮ ತಿರುಗಿಸಿದೆ. ಮೊದಲು ದುರ್ಬಲ ಅಕ್ಷರಗಳನ್ನು ಮುದುಡಿಸುವುದು, ಸದ್ದುಗಳನ್ನು ತಿದ್ದುವುದು ಆಮೇಲೆ. ಕಾನ್ವೆಂಟಿನಲ್ಲಿ ಮೂವತ್ತು ವರ್ಷ ಪಾಠ ಮಾಡಿದ ಟೀಚರ್ ಒಬ್ಬರು, "ಗೋಡೆ ಕಟ್ಟದೆ ಸುಣ್ಣ ಬಳೀತೀರಾ?" ಎಂದರು. ಎರಡು ತಿಂಗಳು ಬಿಟ್ಟು ಬನ್ನಿ ಟೀಚರ್, ಆಮೇಲೆ ಮಾತಾಡೋಣ ಎಂದೆ.

ನಮ್ಮವರು ಇಂಗ್ಲಿಷ್ ಪದವನ್ನು ಕನ್ನಡದಲ್ಲಿ ಬರೆದುಕೊಂಡು ಓದುತ್ತಾರೆ. ಕನ್ನಡದಲ್ಲಿ ಬರೆದ ಅಕ್ಷರಕ್ಕೆಲ್ಲ ಪೂರ್ತಿ ಬೆಲೆ ಕೊಡಬೇಕು, ಅಲ್ವಾ? ಅದೇ ಅಭ್ಯಾಸದಲ್ಲಿ ಕಂಫರ್ಟೇಬಲ್, ವೆಜಿಟೇಬಲ್ ಎಂದು ಎಲ್ಲವನ್ನೂ ಎಳೆದು ಹೇಳುತ್ತಾರೆ. ಬರೆದುಕೊಳ್ಳಬೇಡಿ ಎಂದರೆ ಕೇಳುವುದಿಲ್ಲ, ಆದ್ದರಿಂದ ಬರೆಯುವ ರೀತಿಯನ್ನೇ ಬದಲಿಸಿದೆ. ಪದದಲ್ಲಿ ಒಂದು ಅಕ್ಷರ ದಪ್ಪ, ಉಳಿದಿದ್ದರಲ್ಲಿ ಮುದುಡುವ ಸ್ವರಗಳಿಗೆಲ್ಲ ಸುಮ್ನೆ ಒಂದು 'ಅ'. ಬ-ನಾ-ನ. ಕಾರ್-ಡ-ಮಮ್. ಅ-ರ್‍ಯಾ-ಬಿ-ಕ. ಕಂಫ್-ಟ-ಬಲ್. ಇವುಗಳಲ್ಲಿ ದಪ್ಪ ಅಕ್ಷರ ಕ್ರಮವಾಗಿ ನಾ, ಕಾರ್, ರ್‍ಯಾ, ಕಂಫ್. ತೋಟದವರಿಗೆ ಅರೇಬಿಕಾ, ಕಾರ್ಡಮಮ್ ದಿನಾ ಬೇಕಾಗುವ ಪದಗಳು, ಅವುಗಳಿಂದಲೇ ಶುರು. ಆ 'ಅ'ಗೆ ಹೊಸ ಸದ್ದೇನೂ ಕಲಿಯಬೇಕಿಲ್ಲ. ನಮ್ಮ ಹ್ರಸ್ವ ಅಕಾರವನ್ನೇ ದವಡೆ ಇಳಿಸದೆ ಅರೆಬರೆ ಹೇಳಿದರೆ ಸಾಕು, ಹತ್ತಿರ ಬಂತು.

ಇಲ್ಲೊಂದು ತಾಪತ್ರಯ. 'ಒತ್ತು ಕೊಡಿ' ಎಂದರೆ ನಮ್ಮವರು ಒತ್ತಕ್ಷರ ಕೊಡುತ್ತಾರೆ, ಹೊ-ಟೆಲ್ ಹೋಗಿ ಹೊಟ್ಟೆಲ್ ಆಗುತ್ತದೆ. ಇನ್ನು ಕೆಲವರು ಆ ಅಕ್ಷರ ಬಂದಾಗ ಕಿರುಚುತ್ತಾರೆ. ಈಗ ನಾನು ಆ ಮಾತೇ ಎತ್ತುವುದಿಲ್ಲ. "ಎಳಿ, ದನಿ ಸ್ವಲ್ಪ ಏರಿಸು" ಅಂತೀನಿ, ಅಷ್ಟೇ.

ಪದ ಆದ ಮೇಲೆ ವಾಕ್ಯ. ಪೆನ್ಸಿಲಿನಿಂದ ಮೇಜಿನ ಮೇಲೆ ಮೂರು ಕುಟ್ಟು: ಜೀಪ್ – ಸ್ಟಾರ್ಟ್ಸ್ – ಸಿಕ್ಸ್. ಕುಟ್ಟು ಸಮ ಅಂತರದಲ್ಲಿ ನಿಂತು ನಿಂತು ಬೀಳಬೇಕು, ಅವಸರ ಬೇಡ. ಅದೇ ಮೂರು ಕುಟ್ಟಿನಲ್ಲಿ 'ದ ಜೀಪ್ ಸ್ಟಾರ್ಟ್ಸ್ ಅಟ್ ಸಿಕ್ಸ್'. ಆಮೇಲೆ 'ದ ಜೀಪ್ ವಿಲ್ ಬಿ ಸ್ಟಾರ್ಟಿಂಗ್ ಅಟ್ ಸಿಕ್ಸ್'. ಪದ ಜಾಸ್ತಿಯಾದರೂ ಕುಟ್ಟು ಮೂರೇ, ನಡುವಿನ ಪದಗಳು ಸಂದಿಯಲ್ಲಿ ನುಸುಳಬೇಕು. ಗಡಿಯಾರ ಹಿಡಿದು ಅಳೆದರೆ ಇಂಗ್ಲಿಷಿನವರ ಮಾತಿನಲ್ಲೂ ಕುಟ್ಟುಗಳ ಅಂತರ ಸಮ ಬರುವುದಿಲ್ಲ. ಆದರೆ ಅಭ್ಯಾಸಕ್ಕೆ ಹೀಗೇ ಮಾಡಬೇಕು, ಇಲ್ಲವಾದರೆ ನಡುವಿನ ಪದಗಳು ಮುದುಡುವುದೇ ಇಲ್ಲ.

ಜೀಪಿನವರಿಗೆ ಮಾತ್ರ ಕ್ಯಾನ್–ಕ್ಯಾಂಟ್ ಆಟ ಬೇರೆ. ಇಬ್ಬರು ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲಬೇಕು. ಒಬ್ಬ ಹೇಳುವುದು, ಇನ್ನೊಬ್ಬ ಆಗುತ್ತೆ ಅಂದರೆ ಹೆಬ್ಬೆರಳು ಮೇಲೆ, ಆಗಲ್ಲ ಅಂದರೆ ಕೆಳಗೆ. ಮೊದಮೊದಲು ಎಲ್ಲರೂ ಗೆದ್ದರು, ಯಾಕೆಂದರೆ ಟಕಾರ ಕೇಳಿಸಿಕೊಂಡು ಊಹಿಸುತ್ತಿದ್ದರು. ಆಗ ವಾಕ್ಯದಲ್ಲಿ ಬರೀ ಟೇಕ್, ಟೆಲ್, ಡ್ರೈವ್ ಇಟ್ಟೆ. ಟಕಾರ ಮುಂದಿನ ಪದದಲ್ಲಿ ಕರಗಿತು, ಊಹೆ ನಿಂತಿತು. ಈಗ ಉಳಿದ ಗುರುತು ಒಂದೇ: 'ಐ ಕನ್ ಟೇಕ್ ಯೂ' ಅಂದರೆ ಭಾರ ಟೇಕ್ ಮೇಲೆ, 'ಐ ಕ್ಯಾಂಟ್ ಟೇಕ್ ಯೂ' ಅಂದರೆ ಎರಡರ ಮೇಲೂ. ಆ ಡ್ರೈವರಿಗೆ ಇದು ಬಾಯಿಗೆ ಹತ್ತಲು ಮೂರು ವಾರ ಬೇಕಾಯಿತು. ಹತ್ತಿದ ಮೇಲೆ ಇನ್ನೊಂದು ಸಮಸ್ಯೆ, 'ಯೆಸ್, ಐ ಕ್ಯಾನ್' ಎಂದು ಮಾತು ಮುಗಿಸುವಾಗಲೂ 'ಯೆಸ್, ಐ ಕನ್' ಅನ್ನತೊಡಗಿದರು. ವಾಕ್ಯದ ಕೊನೆಯಲ್ಲಿ ಬಂದ ಕ್ಯಾನ್ ಮುದುಡುವುದಿಲ್ಲ, ಅದನ್ನು ಬೇರೆಯಾಗಿ ಹೇಳಿಸಬೇಕು.

ಇನ್ನೊಂದು, ಮುದುಡಿಸಿ ಎಂದರೆ ಬೇಗ ಮಾತಾಡಿ ಎಂದೇ ಅರ್ಧ ಜನ ತಿಳಿಯುತ್ತಾರೆ. ದಪ್ಪ ಅಕ್ಷರವೂ ಚಿಕ್ಕದಾಗಿ ಮಾತು ಪೂರ್ತಿ ಗಜಿಬಿಜಿ. ಇದು ಕಿವಿಗೆ ಗೊತ್ತಾಗುವುದಿಲ್ಲ, ಕಣ್ಣಿಗೆ ಗೊತ್ತಾಗುತ್ತದೆ. ರೆಕಾರ್ಡ್ ಮಾಡಿದ್ದನ್ನು ಕಂಪ್ಯೂಟರಿನಲ್ಲಿ Audacity ಹಾಕಿ ಅಲೆಯ ಚಿತ್ರ ನೋಡಿ. ಬನಾನದ ನಡುವಿನ 'ನಾ' ಮೊದಲಿನ 'ಬ'ಗಿಂತ ಎರಡು ಪಟ್ಟಾದರೂ ಅಗಲ ಇರಬೇಕು. ಮೂರೂ ಒಂದೇ ಅಗಲ ಇದ್ದರೆ ಅವನು ವೇಗವನ್ನಷ್ಟೇ ಕಲಿತಿದ್ದಾನೆ. ಸಾಫ್ಟ್‌ವೇರಿಗೆ ಕಾಸು ಖರ್ಚಿಲ್ಲ, ಅರವತ್ತು ಸಾವಿರದ ಲ್ಯಾಬಿನಲ್ಲಿ ಇದು ಇರಲಿಲ್ಲ.

ನಡುವೆ ಒಂದು ಪ್ರಯೋಗ ಮಾಡಿದೆ. ಪೆನ್ಸಿಲ್ ಯಾಕೆ, ನಮ್ಮ ದುಡಿ ಇದೆಯಲ್ಲ ಎಂದು ಒಬ್ಬ ಹುಡುಗ ದುಡಿಯನ್ನೇ ತಂದ. ಮಜಾ ಬಂತು, ಪಾಠ ಕೆಟ್ಟಿತು. ಕೈಗೆ ದುಡಿ ಸಿಕ್ಕಿದ್ದೇ ಪ್ರತಿ ಅಕ್ಷರಕ್ಕೂ ಬಡಿಯತೊಡಗಿದರು, ಕೆಳಗಿನ ಅಂಗಡಿಯವರು ಮೇಲೆ ಬಂದರು. ಆದರೆ ಅದೇ ಬ್ಯಾಚಿನಲ್ಲಿ ಒಂದು ವಿಷಯ ಗಮನಕ್ಕೆ ಬಂತು. ಮನೆಯಲ್ಲಿ ಕೊಡವ ತಕ್ಕ್ ಆಡುವವರಿಗೆ ಈ ಮುದುಡಿದ ಸ್ವರ ಬೇಗ ಬರುತ್ತದೆ. ಅವರ ಮಾತಿನಲ್ಲಿ ನಾಲಿಗೆ ಹಿಂದೆಯೂ ಹೋಗದೆ ಮುಂದೆಯೂ ಬಾರದೆ ನಡುವೆಯೇ ಹುಟ್ಟುವ ಸ್ವರಗಳಿವೆ, ಕನ್ನಡದ ಲಿಪಿಯಲ್ಲಿ ಅವಕ್ಕೆ ಅಕ್ಷರವಿಲ್ಲ. ಅಲ್ಲಿಂದ ಅವರನ್ನು ಮುಂದೆ ಕೂರಿಸಿ ಉಳಿದವರಿಗೆ ಅವರಿಂದಲೇ ಹೇಳಿಸುತ್ತೇನೆ. ನನ್ನ ಬಾಯಿಗಿಂತ ಅವರದ್ದೇ ಚೆನ್ನ.

ಸದ್ದುಗಳನ್ನು ಪೂರ್ತಿ ಬಿಟ್ಟಿಲ್ಲ. ಯಾರ ಕೆಲಸಕ್ಕೆ ಯಾವುದು ಬೇಕೋ ಅದೊಂದೇ. ತೋಟದ ಗೈಡಿಗೆ ವಿ ಮತ್ತು ಡಬ್ಲ್ಯೂ ಬೇಕೇ ಬೇಕು. ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ ತೋರಿಸಿ vine ಎಂದದ್ದು ಪ್ರವಾಸಿಗೆ ಮೆಣಸಿನ ವೈನ್ ಎಂದು ಕೇಳಿಸಿದರೆ, ಅದೂ ಹೋಮ್‌ಮೇಡ್ ವೈನ್ ಮಾರುವ ಈ ಊರಿನಲ್ಲಿ, ಎಲ್ಲಿ ಸಿಗುತ್ತೆ ಅಂತ ಕೇಳದೆ ಇರ್ತಾರಾ? ಬಳ್ಳಿಗೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು, ಕುಡಿಯುವುದಕ್ಕೆ ತುಟಿ ದುಂಡಗಾಗಬೇಕು, ಹಲ್ಲು ತಾಗಬಾರದು. ಹೋಮ್‌ಸ್ಟೇ ಅಡುಗೆಯವರಿಗೆ 'ಯೆಗ್', 'ವೊನ್ಲಿ' ಬಿಡಿಸಿದರೆ ಸಾಕು. ಬಿಡಿಸಲು ನನ್ನದೊಂದು ಉಪಾಯ ಇದೆ, ಹತ್ತು ನಿಮಿಷದ ಕೆಲಸ, ಅದು ಮಾತ್ರ ಕ್ಲಾಸಿಗೆ ಬಂದವರಿಗೆ.

ಫಲ ಅಳೆಯುವುದು ಈಗಲೂ ಅಕ್ಕನ ಮಗನ ಆಫೀಸಿನಲ್ಲೇ. ಹತ್ತು ವಾಕ್ಯ ಕಳಿಸುತ್ತೇನೆ, ಕೇಳಿಸಿದ್ದನ್ನು ಅವರು ಬರೆಯುತ್ತಾರೆ. ಹಳೆ ಬ್ಯಾಚಿನಲ್ಲಿ ನಾಲ್ಕೈದು ಸರಿ ಬಂದರೆ ದೊಡ್ಡದು. ಈ ಕ್ರಮದಲ್ಲಿ ಎರಡು ತಿಂಗಳ ಮೇಲೆ ಎಂಟರ ಸುತ್ತ ನಿಲ್ಲುತ್ತದೆ. ಟೀಚರ್ ಆ ಹಾಳೆ ನೋಡಿ ಏನೂ ಹೇಳಲಿಲ್ಲ, ತಮ್ಮ ಮೊಮ್ಮಗಳ ಫೀಸು ಎಷ್ಟು ಎಂದು ಕೇಳಿದರು. ಕೈಯಲ್ಲಿ ಕಾಗದ ಹಿಡಿದು ಓದುವಾಗ ಮಾತ್ರ ಎಲ್ಲರೂ ಹಳೆ ದಾರಿಗೆ ಜಾರುತ್ತಾರೆ, ಅದಕ್ಕೆ ಇನ್ನೂ ಮದ್ದು ಸಿಕ್ಕಿಲ್ಲ.

ಸೋತ ಜಾಗ ಇನ್ನೊಂದಿದೆ, ಫಿಫ್ಟೀನ್ ಮತ್ತು ಫಿಫ್ಟಿ. ಫಿಫ್-ಟೀನ್‌ನಲ್ಲಿ ಭಾರ 'ಟೀನ್' ಮೇಲೆ, ಫಿಫ್-ಟಿಯಲ್ಲಿ 'ಫಿಫ್' ಮೇಲೆ ಎಂದು ಪುಸ್ತಕದಲ್ಲಿ ಇರುತ್ತದೆ, ಬಿಡಿಯಾಗಿ ಹೇಳಿದರೆ ಸರಿಯೇ. ಆದರೆ ಅದರ ನಂತರ ಹಂಡ್ರೆಡ್ ಬಂದ ತಕ್ಷಣ ಇಂಗ್ಲಿಷಿನವರೇ ಭಾರವನ್ನು ಮೊದಲಿನ 'ಫಿಫ್' ಮೇಲೆ ತಂದು ಫಿಫ್-ಟೀನ್ ಹಂಡ್ರೆಡ್ ಎನ್ನುತ್ತಾರೆ, ನಾವು ಕಲಿಸಿದ ಗುರುತು ಅಲ್ಲಿ ಕೈಕೊಡುತ್ತದೆ. ಉಳಿಯುವುದು ಆ ಈಕಾರದ ಉದ್ದ ಮತ್ತು ಕೊನೆಯ ನ್. ನ್ ಮೇಲೆ ನಾಲಿಗೆ ಒಂದು ಕ್ಷಣ ನಿಲ್ಲಿಸಿ ಎಂದು ಹೇಳುತ್ತೇನೆ, ಕೋಣೆಯಲ್ಲಿ ನಿಲ್ಲಿಸುತ್ತಾರೆ, ಜೀಪಿನ ಸದ್ದಿನಲ್ಲಿ ಅದು ಯಾರಿಗೂ ಕೇಳುವುದಿಲ್ಲ. ಬಾಡಿಗೆ ವಿಷಯದಲ್ಲಿ ಜಗಳ ಬೇಡ, ದರವನ್ನು ಮೊಬೈಲಿನಲ್ಲಿ ಒತ್ತಿ ತೋರಿಸಿಬಿಡಿ ಎಂದೇ ಡ್ರೈವರುಗಳಿಗೆ ಹೇಳಿಕೊಟ್ಟಿದ್ದೇನೆ.