ಫೋನಿನಲ್ಲಿ ಕೇಳಿದ್ದನ್ನು ಮೇಲ್‌ನಲ್ಲಿ ಬರೆದಾಗ

ಹಿಂದೊಮ್ಮೆ ಫೋನಿನಲ್ಲಿ ಹೇಳಿದ್ದಕ್ಕಿಂತ ಕಡಿಮೆ ಸಂಬಳ ಆಫರ್ ಲೆಟರ್‌ನಲ್ಲಿ ಬಂದಿತ್ತು. ತೋರಿಸಲು ನನ್ನ ಬಳಿ ಏನೂ ಇರಲಿಲ್ಲ. ಈ ಸಲ ಎಚ್‌ಆರ್ ಕರೆ ಮುಗಿದ ಅರ್ಧ ಗಂಟೆಯಲ್ಲೇ ಮೇಲ್ ಕಳಿಸಿದೆ. ಅದರ ಸಾರ ಹೀಗಿತ್ತು:

"ನಾನು ಅರ್ಥಮಾಡಿಕೊಂಡದ್ದು ಇಷ್ಟು. ಹುದ್ದೆ ಸೀನಿಯರ್ ಟೆಸ್ಟ್ ಎಂಜಿನಿಯರ್, ಕಂಪನಿಯದೇ ಪೇರೋಲ್. ಸಿಟಿಸಿ 12 ಲಕ್ಷ, ಪೂರ್ತಿ ಫಿಕ್ಸೆಡ್. ಮುಂದಿನ ಸುತ್ತು ಗುರುವಾರ 11 ಗಂಟೆಗೆ, ಲಿಂಕ್ ನೀವು ಕಳಿಸುತ್ತೀರಿ. ತಪ್ಪಿದ್ದರೆ ದಯವಿಟ್ಟು ತಿಳಿಸಿ."

'ಪೂರ್ತಿ ಫಿಕ್ಸೆಡ್' ಎಂದು ಅವರು ಹೇಳಿರಲಿಲ್ಲ, ನಾನೇ ಹಾಗೆ ತಿಳಿದಿದ್ದೆ. ಬರೀ "ಕನ್ಫರ್ಮ್ ಮಾಡಿ" ಎಂದಿದ್ದರೆ ಇದು ಹೊರಬರುತ್ತಲೇ ಇರಲಿಲ್ಲ. ಸಂಜೆಗೆ ಉತ್ತರ ಬಂತು: ಫಿಕ್ಸೆಡ್ 10.5 ಲಕ್ಷ, ಉಳಿದದ್ದು ವೇರಿಯಬಲ್. ಆಫರ್‌ಗೆ ಮೊದಲೇ ಗೊತ್ತಾದ್ದರಿಂದ ಮಾತಾಡಿ ಫಿಕ್ಸೆಡ್ ಅನ್ನು 11.25 ಲಕ್ಷಕ್ಕೆ ಏರಿಸಿಕೊಂಡೆ. ಮೇಲ್ ಎಂದರೆ ಆಫರ್ ಅಲ್ಲವಲ್ಲ, ಲೆಟರ್ ಕೈಗೆ ಬಂದ ಮೇಲೆಯೇ ರಾಜೀನಾಮೆ ಕೊಟ್ಟೆ.