ಬಟರ್ ಪೇಪರ್ ಮೇಲೆ ಸ್ಲಿಪ್, ಗಲ್ಲಿ, ಸ್ಕ್ವೇರ್ ಲೆಗ್

ಬಾಗಲಕೋಟೆಯ ನವನಗರದಲ್ಲಿ ನನ್ನದೊಂದು ಹೊಲಿಗೆ ಅಂಗಡಿ. ಕ್ರಿಕೆಟ್ ಹುಚ್ಚು ಹತ್ತಿಸಿದ್ದು ಮಗ. ಒಂದು ದಿನ ಮೊಬೈಲಿಗೆ ಫೀಲ್ಡಿಂಗ್ ನಕ್ಷೆ ಕಳಿಸಿ, ಕಾಲೇಜಿಗೆ ಹೋದ. ಅದನ್ನು ಹಿಡಿದು ಟಿವಿ ಮುಂದೆ ಕೂತರೆ ಎಲ್ಲಾ ಉಲ್ಟಾ. ನಕ್ಷೆಯಲ್ಲಿ ಸ್ಲಿಪ್ ಬಲಗಡೆ, ಟಿವಿಯಲ್ಲಿ ಎಡಗಡೆ!

ಆಮೇಲೆ ಗೊತ್ತಾಯಿತು. ಆ ನಕ್ಷೆಯಲ್ಲಿ ಬ್ಯಾಟ್ಸ್‌ಮನ್ ಕೆಳಗಿದ್ದ. ಟಿವಿಯವರು ಬೌಲರ್ ಬೆನ್ನ ಹಿಂದಿನಿಂದ ತೋರಿಸುತ್ತಾರೆ, ಅಲ್ಲಿ ಬ್ಯಾಟ್ಸ್‌ಮನ್ ಮೇಲುಗಡೆ ಕಾಣುತ್ತಾನೆ. ಮೊಬೈಲನ್ನು ತಲೆಕೆಳಗು ಹಿಡಿದೆ, ಎರಡೂ ಕೂಡಿ ಬಂತು. (ಆಟೋ ರೊಟೇಟ್ ಆಫ್ ಮಾಡಿರಬೇಕು, ಇಲ್ಲದಿದ್ದರೆ ಚಿತ್ರವೂ ತಿರುಗಿಬಿಡುತ್ತೆ.)

ಅದನ್ನೇ ಬಟರ್ ಪೇಪರ್ ಮೇಲೆ ತೆಗೆದುಕೊಂಡೆ. ಮೊದಲು ಬ್ಯಾಟ್ಸ್‌ಮನ್ ಎದೆ ಯಾವ ಕಡೆಗಿದೆ ನೋಡಬೇಕು. ಎದೆಯ ಕಡೆ ಆಫ್, ಬೆನ್ನ ಕಡೆ ಲೆಗ್. ಅವನ ಹಿಂದೆ ವಿಕೆಟ್ ಕೀಪರ್. ಕೀಪರ್ ಪಕ್ಕದಲ್ಲಿ, ಆಫ್ ಕಡೆಗೆ, ಸಾಲಾಗಿ ನಿಂತವರು ಸ್ಲಿಪ್. ಕೀಪರ್‌ಗೆ ಹತ್ತಿರದವನು ಫಸ್ಟ್ ಸ್ಲಿಪ್. ಆ ಸಾಲು ಮುಗಿದ ಮೇಲೆ, ಸ್ವಲ್ಪ ಜಾಗ ಬಿಟ್ಟು ನಿಂತವನು ಗಲ್ಲಿ. ಬ್ಯಾಟಿನ ಅಂಚಿಗೆ ಚೆಂಡು ಸುಮ್ನೆ ಸವರಿದರೆ ಸ್ಲಿಪ್ ಕಡೆ ಹೋಗುತ್ತೆ. ನಮ್ಮ ದ್ರಾವಿಡ್ ಟೆಸ್ಟ್‌ನಲ್ಲಿ 210 ಕ್ಯಾಚ್ ಹಿಡಿದರಲ್ವಾ, ಹೆಚ್ಚಿನವು ಸ್ಲಿಪ್‌ನಲ್ಲೇ. ಅಂಚಿಗೆ ಜಾಸ್ತಿ ತಾಗಿದರೆ ಚೆಂಡು ಅಗಲಕ್ಕೆ ಹಾರುತ್ತೆ, ಅದು ಗಲ್ಲಿಯವನ ಪಾಲು.

ಸ್ಕ್ವೇರ್ ಲೆಗ್ ಸುಲಭ. ಬ್ಯಾಟ್ಸ್‌ಮನ್ ಮುಂದಿರುವ ಕ್ರೀಸ್ ಗೆರೆಯನ್ನು ಸ್ಕೇಲ್ ಇಟ್ಟು ಲೆಗ್ ಕಡೆಗೆ ಎಳೆದೆ. ಆ ಗೆರೆಯ ಮೇಲೋ ಆಸುಪಾಸಿನಲ್ಲೋ ನಿಂತವನೇ ಸ್ಕ್ವೇರ್ ಲೆಗ್. ಅವನೇ ಬೌಂಡರಿ ಹತ್ತಿರ ಹೋದರೆ ಡೀಪ್ ಸ್ಕ್ವೇರ್ ಲೆಗ್. ಚುಕ್ಕೆಯ ದೂರವನ್ನು ಮಾತ್ರ ಪೂರ್ತಿ ನಂಬಬೇಡಿ. ವೇಗದ ಬೌಲರ್‌ಗೆ ಕೀಪರ್, ಸ್ಲಿಪ್ ಇಬ್ಬರೂ ದೂರ ಹಿಂದೆ ನಿಲ್ಲುತ್ತಾರೆ, ಸ್ಪಿನ್ನರ್ ಬಂದರೆ ಹತ್ತಿರ ಬರುತ್ತಾರೆ. ನಕ್ಷೆಯಲ್ಲಿ ಎರಡೂ ಒಂದೇ ಥರ.

ಒಂದು ಸಂಜೆ ಮಗನ ಜೊತೆ ಟೆಸ್ಟ್ ನೋಡುತ್ತಿದ್ದೆ. ಬಲಗೈ ಬ್ಯಾಟ್ಸ್‌ಮನ್, ಎರಡು ಸ್ಲಿಪ್, ಒಂದು ಗಲ್ಲಿ, ಮೂವರೂ ಪರದೆಯ ಎಡಕ್ಕೆ. ನನ್ನ ಹಾಳೆಗೆ ಸರಿ ಹೊಂದಿತ್ತು. ಒಂದು ರನ್ ಓಡಿದರು. ನೋಡಿದರೆ ಆ ಮೂವರೂ ಬಲಕ್ಕೆ ಹೊರಟಿದ್ದಾರೆ!

"ಅವ್ವಾ, ಲೆಫ್ಟಿ ಬಂದಾನ ನೋಡು," ಅಂದ ಮಗ.

ಹಾಳೆಯನ್ನು ತಲೆಕೆಳಗು ಮಾಡಿದೆ. ಸ್ಲಿಪ್ ಬಲಕ್ಕೇನೋ ಬಂತು, ಆದರೆ ಬ್ಯಾಟ್ಸ್‌ಮನ್ ಕೆಳಗೆ ಹೋಗಿಬಿಟ್ಟ. ಆಗ ನೆನಪಾಗಿದ್ದು ಬ್ಲೌಸಿನ ಕಟಿಂಗ್. ಬಲ ತೋಳಿನ ಪ್ಯಾಟರ್ನ್ ಅನ್ನು ಎಡಕ್ಕೆ ಬೇಕಾದರೆ ತಿರುಗಿಸಲ್ಲ, ಮಗುಚಿ ಹಾಕ್ತೀವಿ. ಬಟರ್ ಪೇಪರ್ ಮಗುಚಿದೆ. ಪೆನ್ಸಿಲ್ ಗುರುತು ಹಿಂದಿನಿಂದಲೂ ಕಾಣುತ್ತಲ್ಲ. ಬ್ಯಾಟ್ಸ್‌ಮನ್ ಮೇಲೇ ಉಳಿದ, ಸ್ಲಿಪ್ ಮತ್ತು ಗಲ್ಲಿ ಬಲಕ್ಕೆ, ಸ್ಕ್ವೇರ್ ಲೆಗ್ ಎಡಕ್ಕೆ.

ಈಗ ಆ ಹಾಳೆ ಮಷಿನ್ ಪಕ್ಕದಲ್ಲೇ ಇರುತ್ತೆ. ಎಡಗೈಯವ ಬಂದರೆ ಮಗುಚುತ್ತೇನೆ, ಬಲಗೈಯವ ಬಂದರೆ ಮತ್ತೆ ಮಗುಚುತ್ತೇನೆ. ಗಿರಾಕಿಗಳು ಅದನ್ನು ಯಾವುದೋ ಹೊಸ ಕಸೂತಿ ಡಿಸೈನ್ ಅಂದುಕೊಂಡಿದ್ದಾರೆ.