‘ಕೋಪ ಬಂತು’ ಎಂದ ಮೇಲೆ ಏನು ಕೇಳಬೇಕು: ಆರನೇ ತರಗತಿಯ ಭಾವನೆ ಚೀಟಿ

ಮನಶ್ಶಾಸ್ತ್ರಜ್ಞ ಡೇನಿಯಲ್ ಗೋಲ್ಮನ್ 1995ರಲ್ಲಿ ಭಾವನಾತ್ಮಕ ಬುದ್ಧಿವಂತಿಕೆಯ ಐದು ಅಂಗಗಳನ್ನು ಹೇಳಿದರು: ತನ್ನನ್ನು ತಾನು ಅರಿಯುವುದು, ತನ್ನನ್ನು ಹತೋಟಿಯಲ್ಲಿಡುವುದು, ಒಳಗಿನ ಪ್ರೇರಣೆ, ಸಹಾನುಭೂತಿ, ಸಾಮಾಜಿಕ ಕೌಶಲ. ಬಿ.ಎಡ್. ಓದಿದವರಿಗೆ ಈ ಪಟ್ಟಿ ಬಾಯಿಪಾಠ. ತರಗತಿಯಲ್ಲಿ ಐದನ್ನೂ ಒಟ್ಟಿಗೆ ಹಿಡಿಯಲು ಹೋದರೆ ಯಾವುದೂ ಕೈಗೆ ಸಿಗುವುದಿಲ್ಲ. ನಾನು ಮೊದಲನೆಯದರಿಂದ ಶುರುಮಾಡಿ ನೇರ ನಾಲ್ಕನೆಯದಕ್ಕೆ ಹೋಗುತ್ತೇನೆ, ಏಕೆಂದರೆ ತನ್ನೊಳಗಿನದಕ್ಕೆ ಹೆಸರು ಕೊಡಲು ಬಾರದ ಮಗು ಪಕ್ಕದವನ ಮುಖ ನೋಡಿ ಹೇಳುವುದೂ ‘ಕೋಪ’, ‘ಬೇಜಾರು’, ‘ಖುಷಿ’ ಈ ಮೂರರಲ್ಲೇ ಮುಗಿಯುತ್ತದೆ.

ಸಾಧನ ಅಂಗೈಯಗಲದ ಒಂದು ಚೀಟಿ. ಮಧ್ಯಾಹ್ನದ ಊಟ ಮುಗಿಸಿ ಬಂದ ಕೂಡಲೇ ಐದು ನಿಮಿಷ ಇದಕ್ಕೆ. ಆಟದ ಜಗಳಗಳೆಲ್ಲ ಆಗ ಇನ್ನೂ ಬಿಸಿಯಾಗಿರುತ್ತವೆ. ಚೀಟಿಯಲ್ಲಿ ನಾಲ್ಕು ಸಾಲು: ಮೈಯಲ್ಲಿ ಎಲ್ಲಿ ಏನಾಗುತ್ತಿದೆ, ಅದಕ್ಕೆ ಮೊದಲು ಏನು ನಡೆಯಿತು, ಆಗ ಮನಸ್ಸಿನಲ್ಲಿ ಏನು ಬಂತು, ಕೊನೆಗೆ ಆ ಭಾವನೆಯ ಹೆಸರು. ಈ ಕ್ರಮ ತಪ್ಪಬಾರದು. ಹೆಸರನ್ನು ಮೊದಲು ಕೇಳಿದರೆ ಮಗು ರೂಢಿಯ ಪದವನ್ನು ಬರೆದು ಪೆನ್ನು ಕೆಳಗಿಡುತ್ತದೆ. ‘ಯಾಕೆ’ ಎಂದು ಶುರುಮಾಡಿದರೆ ತನ್ನ ತಪ್ಪಲ್ಲ ಎಂದು ವಾದಿಸತೊಡಗುತ್ತದೆ.

ನಮ್ಮ ಕಾಸರಗೋಡಿನ ಕನ್ನಡ ಮಾಧ್ಯಮ ತರಗತಿಯಲ್ಲಿ ಮನೆಮಾತು ಒಂದೇ ಅಲ್ಲ. ತುಳು, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿ, ಹವ್ಯಕ ಕನ್ನಡ ಎಲ್ಲವೂ ಒಂದೇ ಬೆಂಚಿನಲ್ಲಿ ಕೂತಿರುತ್ತವೆ. ಹಾಗಾಗಿ ಈ ಚೀಟಿಯಲ್ಲಿ ಕಾಗುಣಿತ ತಿದ್ದುವುದಿಲ್ಲ. ಹೆದರಿಕೆಗೆ ತುಳುವಿನ ‘ಪೋಡಿಗೆ’ ಎಂದು ಬರೆದರೂ ಸರಿ, ಮಲಯಾಳದ ‘ಪೇಡಿ’ ಎಂದರೂ ಸರಿ. ಕೆಂಪು ಶಾಯಿ ಬಿದ್ದ ಮರುದಿನವೇ ಮಕ್ಕಳು ಪಠ್ಯಪುಸ್ತಕದ ಕನ್ನಡಕ್ಕೆ ಹೊರಳುತ್ತಾರೆ, ಹೇಳಬೇಕಾದದ್ದು ಒಳಗೇ ಉಳಿಯುತ್ತದೆ.

ಒಂದು ಉದಾಹರಣೆ ನೋಡೋಣ. ನಾಲ್ವರ ಗುಂಪು ವಿಜ್ಞಾನದ ಚಾರ್ಟ್ ಮಾಡಿದೆ, ಅದರಲ್ಲೊಬ್ಬ ಹುಡುಗ ಅದನ್ನು ಹರಿದು ಹಾಕಿದ್ದಾನೆ. ‘ಕೋಪ ಬಂತು’ ಎನ್ನುತ್ತಾನೆ. ಮೈಯಲ್ಲಿ ಏನಾಯಿತೆಂದು ಕೇಳಿದರೆ, ಕಿವಿ ಬಿಸಿಯಾಯಿತು, ಗಂಟಲು ಕಟ್ಟಿತು ಎಂಬ ಉತ್ತರ. ಮೊದಲು ನಡೆದದ್ದು: ಚಾರ್ಟಿನ ಕೆಳಗೆ ಮೂರೇ ಹೆಸರು, ಇವನದ್ದಿಲ್ಲ. ಮನಸ್ಸಿಗೆ ಬಂದದ್ದು: ‘ನಾನು ಏನೂ ಮಾಡಲಿಲ್ಲ ಅಂತ ಎಲ್ಲರೂ ತಿಳಿಯುತ್ತಾರೆ.’ ಇಷ್ಟು ಬರೆದ ಮೇಲೆ ನಾಲ್ಕನೇ ಸಾಲಿಗೆ ‘ಅವಮಾನ’ ಎಂಬ ಪದ ಅವನಿಗೇ ಸಿಗುತ್ತದೆ. ಸಿಗದಿದ್ದರೆ ನಾನು ಎರಡು ಮೂರು ಪದ ಮುಂದಿಡುತ್ತೇನೆ, ಆಯ್ಕೆ ಅವನದ್ದು. ಗಂಟಲು ಕಟ್ಟಿದರೆ ಅವಮಾನವೇ ಎಂಬ ಸೂತ್ರವೇನೂ ಇಲ್ಲ. ಹೆದರಿದಾಗಲೂ ಗಂಟಲು ಕಟ್ಟುತ್ತದೆ. ಮೈಯ ಸೂಚನೆ ಮಗುವನ್ನು ಒಂದು ಗಳಿಗೆ ನಿಲ್ಲಿಸುತ್ತದೆ, ಅರ್ಥ ಬಿಡಿಸುವುದು ನಡೆದ ಘಟನೆ.

ಇನ್ನು ಉಳಿದ ಮೂವರು. ‘ನೀನು ಅವನ ಜಾಗದಲ್ಲಿದ್ದರೆ ಏನನಿಸುತ್ತಿತ್ತು’ ಎಂದು ನಾನು ಕೇಳುವುದಿಲ್ಲ. ಆ ಪ್ರಶ್ನೆಗೆ ಮಗು ತನ್ನ ಭಾವನೆಯನ್ನೇ ಹೇಳುತ್ತದೆ: ‘ನಾನಾದರೆ ಹರಿಯುತ್ತಿರಲಿಲ್ಲ ಟೀಚರ್.’ ಅದರ ಬದಲು ಮೂರು ಊಹೆ ಬರೆಯಿಸುತ್ತೇನೆ: ಅವನ ಕಣ್ಣಿಗೆ ಬಿದ್ದದ್ದೇನು, ಅವನಿಗೆ ಬೇಕಿದ್ದದ್ದೇನು, ಅವನು ಹೆದರಿದ್ದು ಯಾವುದಕ್ಕೆ. ಒಬ್ಬಳು ‘ಅವನಿಗೆ ಹೊಟ್ಟೆಕಿಚ್ಚು’ ಎಂದು ಬರೆದಿರುತ್ತಾಳೆ. ಅಲ್ಲಿಗೆ ಬಿಡಬಾರದು, ಆ ಊಹೆಯನ್ನು ಅವನ ಮುಂದೆ ಪ್ರಶ್ನೆಯಾಗಿ ಇಡಬೇಕು: ‘ನಿನಗೆ ಹೊಟ್ಟೆಕಿಚ್ಚಾಯಿತಾ, ಬೇರೆ ಏನಾದರೂ ಆಯಿತಾ?’ ಅವನು ‘ಅಲ್ಲ’ ಎಂದರೆ ಅವನ ಮಾತೇ ಕೊನೆ. ಸಹಾನುಭೂತಿ ಬೆಳೆಯುವುದು ಊಹೆ ತಪ್ಪಾಗಿ ಅದನ್ನು ತಿದ್ದಿಕೊಳ್ಳುವ ಈ ಹೊತ್ತಿನಲ್ಲಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಇದರಿಂದ ಹರಿದದ್ದಕ್ಕೆ ಮಾಫಿ ಸಿಗುವುದಿಲ್ಲ. ಹೊಸ ಚಾರ್ಟನ್ನು ಅವನೂ ಕೂತು ಮಾಡಬೇಕು, ಹೆಸರು ನಾಲ್ಕೂ ಇರಬೇಕು.

ಈ ಚೀಟಿಯ ಕೆಲಸ ಕೆಡುವುದು ಹೆಚ್ಚಾಗಿ ಒಂದೇ ಕಾರಣಕ್ಕೆ: ಚೀಟಿಯಲ್ಲಿದ್ದದ್ದು ಸ್ಟಾಫ್ ರೂಮಿಗೋ ಮನೆಗೋ ತಲುಪುತ್ತದೆ. ಇಡೀ ವಾರ ಎಲ್ಲರ ಚೀಟಿಯಲ್ಲೂ ‘ಖುಷಿ’ ಕಂಡರೆ ಹೀಗೇ ಆಗಿದೆ ಎಂದು ನಾನು ಅನುಮಾನಿಸುತ್ತೇನೆ. ಆಗ ಕೆಲವು ದಿನ ಚೀಟಿ ನನ್ನ ಕೈಗೆ ಬರುವುದಿಲ್ಲ. ಮಗುವೇ ಬರೆದು, ಓದಿ, ತನ್ನ ಚೀಲದಲ್ಲಿಟ್ಟುಕೊಳ್ಳುತ್ತದೆ. ತೋರಿಸುವುದು ಅದರ ಇಷ್ಟ.

ಆದರೆ ‘ಯಾರಿಗೂ ಹೇಳುವುದಿಲ್ಲ’ ಎಂಬ ಮಾತನ್ನು ಮಾತ್ರ ಕೊಡುವುದಿಲ್ಲ. ಹೊಡೆತ, ಕೆಟ್ಟ ಸ್ಪರ್ಶ, ಬದುಕೇ ಬೇಡ ಎನ್ನುವ ಮಾತು ಕಂಡರೆ ಅದು ತರಗತಿಯ ಚಟುವಟಿಕೆಯಲ್ಲ. ಅದೇ ದಿನ ಮುಖ್ಯೋಪಾಧ್ಯಾಯರಿಗೆ ಮತ್ತು ಶಾಲೆಯ ಕೌನ್ಸಿಲರ್‌ಗೆ ತಿಳಿಸಬೇಕು, ಅಗತ್ಯವಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬೇಕು. ‘ಅಪಾಯವಿದ್ದರೆ ಸಹಾಯ ಮಾಡಬಲ್ಲವರಿಗೆ ಹೇಳುತ್ತೇನೆ’ ಎಂಬುದನ್ನು ಚೀಟಿ ಹಂಚುವ ಮೊದಲ ದಿನವೇ ಮಕ್ಕಳಿಗೆ ತಿಳಿಸಿರುತ್ತೇನೆ.